ಕೇಳದವರಿಗೆ ಬರಹ, ಕಾಣದವರಿಗೆ ಮಾತು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಮದ್ದೂರಿನಲ್ಲಿ ನಿಂತಾಗ, ಬಂದ ಊರು ಯಾವುದೆಂಬುದು ಪ್ರಯಾಣಿಕರಿಗೆ ಎರಡು ದಾರಿಗಳಿಂದ ತಿಳಿಯುತ್ತದೆ. ನಿಲ್ದಾಣದ ತುದಿಯಲ್ಲಿರುವ ಹಳದಿ ಫಲಕವು ಒಂದು ದಾರಿ. ‘ಮದ್ದೂರ್ ವಡೆ’ ಎಂದು ಕೂಗುತ್ತ ಬರುವ ಮಾರಾಟಗಾರನ ದನಿಯು ಇನ್ನೊಂದು. ಕಿವಿ ಕೇಳದ ಪ್ರಯಾಣಿಕನು ಫಲಕವನ್ನು ಓದಿಕೊಳ್ಳುತ್ತಾನೆ. ಕಣ್ಣು ಕಾಣದ ಪ್ರಯಾಣಿಕನು ಕೂಗನ್ನು ಕೇಳಿ ಊರನ್ನು ಗುರುತಿಸುತ್ತಾನೆ. ಇವರಿಬ್ಬರಲ್ಲದೆ ಮೂರನೆಯವನೊಬ್ಬನಿರುತ್ತಾನೆ. ಅವನಿಗೆ ಕಣ್ಣೂ ಚೆನ್ನಾಗಿದೆ, ಕಿವಿಯೂ ಚೆನ್ನಾಗಿದೆ. ಆದರೆ ಕನ್ನಡ ಬಾರದು. ಫಲಕದ ಮೇಲಿರುವ ಹಿಂದಿ ಮತ್ತು ಇಂಗ್ಲಿಷ್ ಸಾಲುಗಳು ಅವನಿಗಾಗಿ ಇವೆ. ಹೀಗೆ ಮೂವರ ಕೊರತೆಗಳು ಮೂರು ಬಗೆ; ಅವನ್ನು ತುಂಬುವ ಸಾಧನಗಳೂ ಮೂರು ಬಗೆ. ಒಂದರಿಂದ ಇನ್ನೊಂದರ ಕೆಲಸ ಆಗದು.

ರೈಲು ನಿಲ್ದಾಣದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಈ ಸತ್ಯವು ಚಲನಚಿತ್ರದ ಪರದೆಯ ಮುಂದೆ ಮರೆತುಹೋಗುತ್ತದೆ. ಚಿತ್ರವೊಂದರ ಅಡಿಯಲ್ಲಿ ಅಕ್ಷರಗಳು ಮೂಡಿದ ಕೂಡಲೇ, ಅದು ಎಲ್ಲರಿಗೂ ತಲುಪಿತೆಂದು ತಯಾರಕರು ತೃಪ್ತರಾಗುತ್ತಾರೆ. ಆ ಅಕ್ಷರಗಳು ಯಾರಿಗಾಗಿ ಬರೆಯಲ್ಪಟ್ಟವು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಪರದೆಯ ಮೂರು ಸಾಧನಗಳಿಗೆ ಮೂರು ಹೆಸರುಗಳಿವೆ. ಮೊದಲನೆಯದು ಸಬ್‌ಟೈಟಲ್, ಅಂದರೆ ಅಡಿಬರಹ. ನೋಡುವವನಿಗೆ ಧ್ವನಿ ಕೇಳಿಸುತ್ತದೆ, ಭಾಷೆ ಮಾತ್ರ ತಿಳಿಯದು ಎಂಬ ನಂಬಿಕೆಯ ಮೇಲೆ ಇದನ್ನು ಬರೆಯುತ್ತಾರೆ. ಆದುದರಿಂದ ಇದರಲ್ಲಿ ಪಾತ್ರಗಳ ಮಾತಿನ ಅನುವಾದ ಮಾತ್ರ ಇರುತ್ತದೆ. ಎರಡನೆಯದು ಕ್ಲೋಸ್ಡ್ ಕ್ಯಾಪ್ಷನ್. ನೋಡುವವನಿಗೆ ಧ್ವನಿಯೇ ಕೇಳಿಸದು ಎಂಬ ತಿಳಿವಳಿಕೆಯಿಂದ ಇದು ಹುಟ್ಟಿದೆ. ಮಾತಿನ ಜೊತೆಗೆ, ಮಾತನಾಡುತ್ತಿರುವವರು ಯಾರು, ಬಾಗಿಲು ಬಡಿದ ಸದ್ದು ಎಲ್ಲಿಂದ ಬಂತು, ಹಿನ್ನೆಲೆಯಲ್ಲಿ ತಮಟೆ ಬಾರಿಸುತ್ತಿದ್ದಾರೆಯೇ ಎಂಬುದನ್ನೆಲ್ಲ ಇದು ಚೌಕ ಆವರಣದೊಳಗೆ ಬರೆದು ತಿಳಿಸುತ್ತದೆ. ಬೇಕಾದವರು ಇದನ್ನು ಪರದೆಯ ಮೇಲೆ ತರಿಸಿಕೊಳ್ಳಬಹುದು, ಬೇಡವಾದವರು ಮರೆಮಾಡಬಹುದು. ‘ಕ್ಲೋಸ್ಡ್’ ಎಂಬ ಮಾತಿಗೆ ಇಷ್ಟೇ ಅರ್ಥ. ಚಿತ್ರದೊಳಗೇ ಅಚ್ಚೊತ್ತಿ ಯಾರೂ ತೆಗೆಯಲಾಗದಂತೆ ಮಾಡಿದರೆ ಅದು ‘ಓಪನ್’ ಕ್ಯಾಪ್ಷನ್ ಎನಿಸಿಕೊಳ್ಳುತ್ತದೆ. ಮೂರನೆಯದು ಆಡಿಯೋ ಡಿಸ್ಕ್ರಿಪ್ಷನ್, ಅಂದರೆ ದೃಶ್ಯವಿವರಣೆ. ಇದರಲ್ಲಿ ಅಕ್ಷರವೇ ಇಲ್ಲ. ಪಾತ್ರಗಳು ಮೌನವಾಗಿರುವ ಎಡೆಯಲ್ಲಿ, ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದನ್ನು ಒಂದು ಕಂಠವು ಕಣ್ಣು ಕಾಣದವರಿಗೆ ಹೇಳುತ್ತ ಹೋಗುತ್ತದೆ.

ಇವು ತೀರ ಹೊಸವಾದ ಕಲ್ಪನೆಗಳಲ್ಲ. ಅಮೆರಿಕದ ಬಾಸ್ಟನ್ ನಗರದ ಟೆಲಿವಿಷನ್ ಕೇಂದ್ರವೊಂದು 1972ರಲ್ಲಿ ಅಡುಗೆಯ ಕಾರ್ಯಕ್ರಮವೊಂದನ್ನು ಕ್ಯಾಪ್ಷನ್ ಸಹಿತವಾಗಿ ಪ್ರಸಾರ ಮಾಡಿತು. ಅಲ್ಲಿ ಬೇಕಾದವರಿಗೆ ಮಾತ್ರ ಕಾಣುವ ಕ್ಲೋಸ್ಡ್ ಕ್ಯಾಪ್ಷನ್‌ಗಳು 1980ರಲ್ಲಿ ಮೊದಲಾದವು. ಮರುವರ್ಷ ವಾಷಿಂಗ್ಟನ್ನಿನ ನಾಟಕಶಾಲೆಯೊಂದರಲ್ಲಿ ಕಣ್ಣು ಕಾಣದ ಪ್ರೇಕ್ಷಕರಿಗೆ ರಂಗದ ಮೇಲಿನ ಚಲನೆಗಳನ್ನು ವಿವರಿಸಿ ಹೇಳುವ ಏರ್ಪಾಡಾಯಿತು. ಸಾಧನಗಳು ಬಂದು ನಾಲ್ಕು ದಶಕಗಳು ದಾಟಿವೆ. ಆದರೂ ಅವುಗಳ ನಡುವಣ ವ್ಯತ್ಯಾಸವು ಇಂದಿಗೂ ಹಲವರ ಮನಸ್ಸಿನಲ್ಲಿ ನೆಲೆಗೊಂಡಿಲ್ಲ.

ಈ ವ್ಯತ್ಯಾಸವನ್ನು ಅರಿಯಲು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯಲ್ಲಿ ಚಿತ್ರಿತವಾದ ‘ತಿಥಿ’ ಎಂಬ ಕನ್ನಡ ಚಲನಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಮ್ ರೆಡ್ಡಿಯವರು ನಿರ್ದೇಶಿಸಿದ, ಈರೇಗೌಡರು ಅವರೊಡನೆ ಸೇರಿ ಕಥೆ ಹೆಣೆದ ಈ ಚಿತ್ರದಲ್ಲಿ ವೃತ್ತಿನಟರಿಲ್ಲ. ಹಳ್ಳಿಯ ಜನರೇ ಪಾತ್ರಧಾರಿಗಳು, ಅವರ ದಿನಬಳಕೆಯ ಮಾತೇ ಸಂಭಾಷಣೆ. 2015ರಲ್ಲಿ ಸ್ವಿಟ್ಸರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಇದು ಪ್ರಶಸ್ತಿ ಗಳಿಸಿತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿತು. ಮಂಡ್ಯದ ಮಾತನ್ನು ಎಂದೂ ಕೇಳದ ಪರದೇಶದ ಪ್ರೇಕ್ಷಕರು ಅದನ್ನು ಅರಿತು ಮೆಚ್ಚಿದುದು ಇಂಗ್ಲಿಷ್ ಅಡಿಬರಹದ ಸಹಾಯದಿಂದ. ಅಡಿಬರಹವು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ಈಗ ಆ ಚಿತ್ರದ ಆರಂಭವನ್ನು ನೆನೆಯಬೇಕು. ‘ಸೆಂಚುರಿ ಗೌಡ’ ಎಂದು ಹೆಸರಾದ, ನೂರು ವರ್ಷ ದಾಟಿದ ಮುದುಕನು ಹಾದಿಬದಿಯಲ್ಲಿ ಕುಳಿತು ಹೋಗಿ ಬರುವವರನ್ನೆಲ್ಲ ಮೂದಲಿಸುತ್ತಿರುತ್ತಾನೆ. ಆಮೇಲೆ ಎದ್ದು ಓಣಿಯ ಬದಿಗೆ ಹೋಗುತ್ತಾನೆ. ಅಲ್ಲಿಯೇ ಕುಸಿದು ಸಾಯುತ್ತಾನೆ. ಇಡೀ ಕಥೆಯು ಈ ಸಾವಿನಿಂದ ಮೊದಲಾಗಿ ಹನ್ನೊಂದನೆಯ ದಿನದ ತಿಥಿಯವರೆಗೆ ಸಾಗುತ್ತದೆ.

ಈ ಒಂದು ದೃಶ್ಯದ ಮುಂದೆ ಮೂವರು ಪ್ರೇಕ್ಷಕರು ಕುಳಿತಿದ್ದಾರೆಂದು ಭಾವಿಸಬಹುದು. ಕನ್ನಡ ಬಾರದವನಿಗೆ ಮುದುಕನ ದನಿ ಕೇಳಿಸುತ್ತದೆ. ಅದರ ಕಾಟು, ಅದರ ತಮಾಷೆ, ಅದು ಎಲ್ಲಿ ಏರಿ ಎಲ್ಲಿ ಇಳಿಯಿತೆಂಬುದು ಅವನಿಗೆ ತಾನಾಗಿಯೇ ತಿಳಿಯುತ್ತದೆ. ಪದಗಳ ಅರ್ಥವೊಂದು ದೊರೆತರೆ ಸಾಕು. ಅದನ್ನು ಅಡಿಬರಹವು ಕೊಡುತ್ತದೆ. ಕಿವಿ ಕೇಳದವನಿಗೆ ಮುದುಕನ ಬಾಯಿ ಆಡುವುದು ಕಾಣುತ್ತದೆ, ಅಷ್ಟೆ. ಅವನು ಹರಸುತ್ತಿದ್ದಾನೆಯೋ ಬೈಯುತ್ತಿದ್ದಾನೆಯೋ, ಪರದೆಯ ಹೊರಗಿನಿಂದ ಯಾರಾದರೂ ಉತ್ತರ ಕೊಟ್ಟರೋ ಇಲ್ಲವೋ ತಿಳಿಯದು. ಮಾತೂ ಬೇಕು, ಮಾತಿನ ಧಾಟಿಯೂ ಬೇಕು, ಮಾತಲ್ಲದ ಸದ್ದೂ ಬೇಕು. ಕಣ್ಣು ಕಾಣದವನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಬೈಗುಳಗಳನ್ನು ಕೇಳಿ ಅವನು ಎಲ್ಲರಿಗಿಂತ ಹೆಚ್ಚಾಗಿಯೇ ನಗಬಹುದು. ಆದರೆ ದನಿ ನಿಂತುಹೋದಾಗ, ಮುದುಕನು ದಣಿದು ಸುಮ್ಮನಾದನೋ, ಎದ್ದು ಮನೆಗೆ ಹೋದನೋ ಅವನಿಗೆ ಗೊತ್ತಾಗದು. ಕಥೆಯ ಮೂಲವೇ ಆದ ಸಾವು ಸದ್ದಿಲ್ಲದೆ ಅವನ ಕಣ್ಣು ತಪ್ಪಿಸಿ ನಡೆದುಹೋಗುತ್ತದೆ. ಅಲ್ಲಿ ಒಂದು ಕಂಠವು, ‘ಮುದುಕ ಓಣಿಯ ಬದಿಯಲ್ಲಿ ಕುಸಿದು ಬೀಳುತ್ತಾನೆ. ಅಲುಗಾಡುವುದಿಲ್ಲ’ ಎಂದು ಹೇಳಬೇಕು. ಆರೇ ಪದಗಳು, ಆದರೆ ಅವಿಲ್ಲದೆ ಮುಂದಿನ ಕಥೆಯಿಲ್ಲ.

ಇಂಗ್ಲಿಷ್ ಅಡಿಬರಹವೊಂದೇ ಇದ್ದಾಗ ಈ ಮೂವರಲ್ಲಿ ಪ್ರಯೋಜನ ಪಡೆಯುವವನು ಮೊದಲನೆಯವನು ಮಾತ್ರ. ಕಾಣದವನಿಗೆ ಅದರಿಂದ ಏನೂ ಲಾಭವಿಲ್ಲ. ಕೇಳದವನಿಗೆ ಸ್ವಲ್ಪ ಲಾಭವುಂಟೆಂದು ತೋರಬಹುದು. ಆದರೆ ಅಲ್ಲಿ ಒಂದು ವಿಪರೀತವಿದೆ. ಮಂಡ್ಯದಲ್ಲಿಯೇ ಹುಟ್ಟಿ, ಕನ್ನಡವನ್ನು ಓದಲು ಕಲಿತ ಕಿವುಡನೊಬ್ಬನು ತನ್ನ ನೆರೆಯವರ ಮಾತನ್ನು ಇಂಗ್ಲಿಷಿನ ಮೂಲಕ ಅರಿಯಬೇಕಾಗುತ್ತದೆ. ಇಂಗ್ಲಿಷ್ ಬಾರದಿದ್ದರೆ ಅದೂ ಇಲ್ಲ. ಮದ್ದೂರಿನ ಹಳದಿ ಫಲಕದಿಂದ ಕನ್ನಡದ ಸಾಲನ್ನು ಅಳಿಸಿ ಇಂಗ್ಲಿಷನ್ನು ಮಾತ್ರ ಉಳಿಸಿದರೆ ಹೇಗೋ, ಇದೂ ಹಾಗೆಯೇ. ‘ಕನ್ನಡ ಚಿತ್ರಕ್ಕೆ ಕನ್ನಡದ ಬರಹವೇಕೆ? ಕನ್ನಡಿಗರಿಗೆ ಮಾತೇ ಅರ್ಥವಾಗುವುದಲ್ಲ’ ಎಂಬ ಪ್ರಶ್ನೆಯು, ಕನ್ನಡಿಗರೆಲ್ಲರ ಕಿವಿಯೂ ಕೇಳಿಸುತ್ತದೆಂಬ ಭ್ರಮೆಯಿಂದ ಹುಟ್ಟಿದ್ದಾಗಿದೆ.

ಕನ್ನಡದಲ್ಲಿ ಕ್ಯಾಪ್ಷನ್ ಬರೆಯುವುದು ಕೇಳಿದ್ದನ್ನು ಹಾಗೆಯೇ ಗೀಚುವ ಕೆಲಸವಲ್ಲ. ಮೊದಲನೆಯ ತೊಡಕು ಕಾಲದ್ದು. ಒಂದು ಸಲಕ್ಕೆ ಎರಡು ಸಾಲುಗಳಿಗಿಂತ ಹೆಚ್ಚು ಬರೆದರೆ ಚಿತ್ರವು ಮರೆಯಾಗುತ್ತದೆ. ಆ ಸಾಲುಗಳು ಮಾತು ಹೊರಟೊಡನೆ ಮೂಡಿ, ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು. ಒಂದು ಸೆಕೆಂಡಿಗಿಂತ ಕಡಿಮೆಯಿದ್ದರೆ ಕಣ್ಣಿಗೆ ಮಿಂಚಿ ಮಾಯವಾಗುತ್ತವೆ. ಆರೇಳು ಸೆಕೆಂಡು ದಾಟಿದರೆ ಓದುಗನು ಮತ್ತೆ ಮೊದಲಿನಿಂದ ಓದತೊಡಗುತ್ತಾನೆ. ಎರಡನೆಯ ತೊಡಕು ಲಿಪಿಯದು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ; ಗುಣಿತದ ಚಿಹ್ನೆಗಳು ಮೇಲೇರುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಕೆಳಗಿನ ಸಾಲಿನ ಒತ್ತು ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ‘ಅಕ್ಕ’ ಎಂಬಲ್ಲಿ ಒತ್ತು ಹೋದರೆ ‘ಅಕ’ ಎಂದಾಗುವುದು. ಎಣಿಕೆಯಲ್ಲಿಯೂ ಮೋಸವುಂಟು. ‘ಸ್ತ್ರೀ’ ಎಂಬುದು ಓದುವವನಿಗೆ ಒಂದೇ ಅಕ್ಷರ. ಗಣಕಯಂತ್ರವು ಅದನ್ನು ಆರು ಘಟಕಗಳಾಗಿ ಎಣಿಸುತ್ತದೆ. ಆದುದರಿಂದ ಇಂಗ್ಲಿಷಿನ ಲೆಕ್ಕವನ್ನು ಕಣ್ಣು ಮುಚ್ಚಿ ಅನುಸರಿಸುವಂತಿಲ್ಲ. ಕನ್ನಡ ಓದುವವರ ಮುಂದಿಟ್ಟು ಪರೀಕ್ಷಿಸಬೇಕು.

ಮೂರನೆಯ ತೊಡಕು ಭಾಷೆಯದು. ಅದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಮಂಡ್ಯದ ಹಿರಿಯನು ‘ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ‘ಓಗ್ ಬತ್ತೀನಿ’ ಎನ್ನುತ್ತಾನೆ. ಕ್ಯಾಪ್ಷನ್ ಬರೆಯುವವನು ಯಾವುದನ್ನು ಬರೆಯಬೇಕು? ಗ್ರಂಥಸ್ಥ ರೂಪವನ್ನು ಬರೆದರೆ ಶಾಲೆಯಲ್ಲಿ ಕನ್ನಡ ಕಲಿತ ಕಿವುಡರಿಗೆ ಓದು ಸುಲಭ. ಆದರೆ ನೊದೆಕೊಪ್ಪಲಿನ ಮುದುಕನು ಪಠ್ಯಪುಸ್ತಕದಂತೆ ಮಾತನಾಡಿದ ಹಾಗಾಗಿ, ಪಾತ್ರದ ಜೀವವೇ ಹಾರಿಹೋಗುತ್ತದೆ. ಕೇಳುವವರಿಗೆಲ್ಲ ದೊರೆಯುವ ಮಂಡ್ಯದ ಸೊಗಡು ಕೇಳದವನಿಗೆ ಮಾತ್ರ ದೊರೆಯದೆಂದರೆ ಅದೊಂದು ಅನ್ಯಾಯ. ಆಡಿದಂತೆಯೇ ಬರೆಯುವುದೇ ಸರಿಯಾದ ಮಾರ್ಗ. ಓದುವವನನ್ನು ತಡೆದು ನಿಲ್ಲಿಸುವಷ್ಟು ಅಪರಿಚಿತವಾದ ಕಾಗುಣಿತವನ್ನು ಮಾತ್ರ ಸ್ವಲ್ಪ ತಿದ್ದಬಹುದು.

ದೃಶ್ಯವಿವರಣೆಯ ಕಷ್ಟ ಬೇರೆ ತೆರನಾದುದು. ಅದಕ್ಕೆ ಪರದೆಯ ಮೇಲೆ ಸ್ಥಳ ಬೇಡ. ಕಾಲದಲ್ಲಿ ಎಡೆ ಬೇಕು. ಎರಡು ಮಾತುಗಳ ನಡುವೆ ನಾಲ್ಕು ಸೆಕೆಂಡುಗಳ ಮೌನವಿದ್ದರೆ, ನಿಧಾನವಾಗಿ ಹೇಳಿದಾಗ ಆರೇಳು ಕನ್ನಡ ಪದಗಳಿಗೆ ಅಲ್ಲಿ ಎಡೆಯುಂಟು. ಅಷ್ಟರಲ್ಲಿ ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದೇ ವಿವರಿಸುವವನ ವಿವೇಕ. ಮುದುಕನ ಅಂಗಿಯ ಬಣ್ಣವನ್ನು ಬಿಡಬಹುದು. ಅವನು ಬಿದ್ದುದನ್ನು ಬಿಡಲಾಗದು. ಕಂಡುದನ್ನು ಹೇಳಬೇಕೇ ಹೊರತು ಅದರ ಅರ್ಥವನ್ನು ಹೇಳಬಾರದು. ‘ಮಗನಿಗೆ ತಂದೆಯ ಸಾವಿನಿಂದ ದುಃಖವೇ ಆಗಲಿಲ್ಲ’ ಎಂಬುದು ವಿವರಣೆಯಲ್ಲ, ತೀರ್ಪು. ‘ಮಗ ಹೊಲದ ಕಡೆಗೆ ನಡೆದು ಹೋಗುತ್ತಾನೆ’ ಎಂದರೆ ಸಾಕು. ತೀರ್ಪನ್ನು ಕೇಳುವವನು ಮಾಡಿಕೊಳ್ಳುತ್ತಾನೆ. ಮಾತು ಎಡೆಬಿಡದೆ ಸುರಿಯುವ ದೃಶ್ಯಗಳಲ್ಲಿ ಮಾತ್ರ ಈ ಸಾಧನವು ಸೋಲುತ್ತದೆ. ಮನೆಯಲ್ಲಿ ನೋಡುವ ವೀಡಿಯೋ ಆದರೆ ಚಿತ್ರವನ್ನು ಒಂದು ಕ್ಷಣ ನಿಲ್ಲಿಸಿ ವಿವರಣೆ ಹೇಳುವಂತೆ ಮಾಡಬಹುದು. ನೂರಾರು ಜನರು ಕೂಡಿ ನೋಡುವ ಚಿತ್ರಮಂದಿರದಲ್ಲಿ ಅದು ಸಾಧ್ಯವಿಲ್ಲ.

ದೊಡ್ಡ ಚಿತ್ರಗಳ ಮಾತು ಹಾಗಿರಲಿ. ಶಾಲೆಯೊಂದು ತಯಾರಿಸುವ ಸಣ್ಣ ವೀಡಿಯೋದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಮಳವಳ್ಳಿಯ ಪ್ರೌಢಶಾಲೆಯ ವಿದ್ಯಾರ್ಥಿಗಳು ಶಿವನಸಮುದ್ರದ ಬಗೆಗೆ ಐದು ನಿಮಿಷಗಳ ವೀಡಿಯೋ ಮಾಡಿದರೆಂದು ಊಹಿಸಬಹುದು. ಮೊದಲ ಅರ್ಧ ನಿಮಿಷ ಗಗನಚುಕ್ಕಿಯ ಜಲಪಾತ, ಮಾತಿಲ್ಲ. ಆಮೇಲೆ ವಿದ್ಯಾರ್ಥಿನಿಯೊಬ್ಬಳು ಕೈ ತೋರಿಸಿ, ‘ನೋಡಿ, ನೀರು ಅಲ್ಲಿಂದ ಇಲ್ಲಿಗೆ ಬೀಳುತ್ತದೆ’ ಎನ್ನುತ್ತಾಳೆ. ಮುಂದೆ 1902ರಲ್ಲಿ ಇಲ್ಲಿನ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ಸಂಗತಿ ಬರುತ್ತದೆ. ಕೊನೆಗೆ ಹತ್ತಿರದ ಹಳ್ಳಿಯ ವೃದ್ಧನೊಬ್ಬನು, ‘ಕರೆಂಟು ಇಲ್ಲೇ ಉಟ್ತಿತ್ತು, ನಮ್ಮನೇಲಿ ಸೀಮೆಣ್ಣೆ ಬುಡ್ಡಿನೇ’ ಎಂದು ನಗುತ್ತಾನೆ. ಅವನು ಹೀಗೆನ್ನುವಾಗ ಎಲ್ಲಿಯೋ ಸೈರನ್ ಕೂಗುತ್ತದೆ. ಎಲ್ಲರೂ ಒಮ್ಮೆ ತಿರುಗಿ ನೋಡುತ್ತಾರೆ.

ವಿದ್ಯಾರ್ಥಿಗಳು ಇದಕ್ಕೆ ಇಂಗ್ಲಿಷ್ ಅಡಿಬರಹವನ್ನು ಸೇರಿಸಿ ಕೆಲಸ ಮುಗಿಯಿತೆಂದುಕೊಂಡರೆ ಏನಾಗುವುದು? ಮೊದಲ ಅರ್ಧ ನಿಮಿಷದಲ್ಲಿ ಮಾತಿಲ್ಲದ ಕಾರಣ ಬರಹವೂ ಇರುವುದಿಲ್ಲ. ಕೇಳದವನಿಗೆ ಅದು ಮೂಕಚಿತ್ರ. ಸದ್ದೇ ಇಲ್ಲವೋ, ಇದ್ದೂ ಯಾರೂ ಬರೆಯಲಿಲ್ಲವೋ ಎಂದು ಅವನು ಸಂದೇಹಪಡುತ್ತಾನೆ. [ಜಲಪಾತದ ಭೋರ್ಗರೆತ] ಎಂಬ ಎರಡು ಪದಗಳು ಆ ಸಂದೇಹವನ್ನು ಕಳೆಯುತ್ತವೆ. ಕೊನೆಯಲ್ಲಿ ಎಲ್ಲರೂ ಏಕೆ ತಿರುಗಿದರೆಂಬುದು [ದೂರದಲ್ಲಿ ಸೈರನ್] ಎಂದು ಬರೆದಾಗ ತಿಳಿಯುತ್ತದೆ. ಕಾಣದವನಿಗಾದರೋ ಭೋರ್ಗರೆತವು ಕೇಳಿಸುತ್ತದೆ. ಆದರೆ ಅದು ಜಲಪಾತವೋ ಬಿರುಮಳೆಯೋ ಹೇಳುವವರಿಲ್ಲ. ‘ಬಂಡೆಗಳ ನಡುವೆ ನದಿ ಕವಲೊಡೆದು ಕೆಳಗೆ ಧುಮುಕುತ್ತಿದೆ’ ಎಂಬ ವಿವರಣೆಗೆ ಆ ಅರ್ಧ ನಿಮಿಷದಲ್ಲಿ ಬೇಕಾದಷ್ಟು ಎಡೆಯಿದೆ. ವಿದ್ಯಾರ್ಥಿನಿಯ ‘ಅಲ್ಲಿಂದ ಇಲ್ಲಿಗೆ’ ಎಂಬ ಮಾತಿಗಂತೂ ಪ್ರತ್ಯೇಕ ವಿವರಣೆಯೇ ಬೇಡ. ‘ಮೇಲಿನ ಬಂಡೆಯಿಂದ ಕೆಳಗಿನ ಕಣಿವೆಗೆ’ ಎಂದು ಅವಳೇ ಹೇಳಿದ್ದರೆ ಕಂಡವರಿಗೂ ಕಾಣದವರಿಗೂ ಒಂದೇ ಮಾತು ಸಾಕಾಗುತ್ತಿತ್ತು. ಹೀಗೆ ಅರ್ಧ ಕೆಲಸವನ್ನು ಬರೆಯುವ ಹಂತದಲ್ಲಿಯೇ ಮುಗಿಸಬಹುದು. ಖರ್ಚಿನ ಮಾತೇ ಬರುವುದಿಲ್ಲ.

ತಪ್ಪುಗಳನ್ನು ಕಂಡುಹಿಡಿಯಲು ಎರಡು ಸರಳ ಪರೀಕ್ಷೆಗಳಿವೆ. ವೀಡಿಯೋದ ಧ್ವನಿಯನ್ನು ಪೂರ್ತಿಯಾಗಿ ಅಡಗಿಸಿ ಒಮ್ಮೆ ನೋಡಬೇಕು. ಪರದೆಗೆ ಬೆನ್ನು ಮಾಡಿ ಕುಳಿತು ಒಮ್ಮೆ ಕೇಳಬೇಕು. ಎಲ್ಲಿ ಕಥೆಯ ಎಳೆ ತಪ್ಪುವುದೋ ಅಲ್ಲಿ ಬರಹವೋ ವಿವರಣೆಯೋ ಕಡಿಮೆಯಾಗಿದೆ ಎಂದರ್ಥ. ಆದರೆ ವೀಡಿಯೋ ಮಾಡಿದವರೇ ಪರೀಕ್ಷಕರಾದರೆ ಫಲವಿಲ್ಲ. ಅವರಿಗೆ ಕಥೆ ಮೊದಲೇ ತಿಳಿದಿರುತ್ತದೆ. ಅದನ್ನು ಎಂದೂ ನೋಡದವರು, ಸಾಧ್ಯವಾದರೆ ನಿಜವಾಗಿ ಕೇಳದವರು ಮತ್ತು ಕಾಣದವರು ಪರೀಕ್ಷಿಸಬೇಕು.

ಈ ಸಾಧನಗಳಿಗೂ ಮಿತಿಗಳುಂಟು. ಕ್ಯಾಪ್ಷನ್ ಓದಬಲ್ಲವರಿಗೆ ಮಾತ್ರ. ಹುಟ್ಟಿನಿಂದ ಕಿವುಡರಾಗಿ ಸಂಜ್ಞಾಭಾಷೆಯನ್ನೇ ಮೊದಲ ಭಾಷೆಯಾಗಿ ಪಡೆದವರಿಗೆ ಕನ್ನಡದ ಬರಹವು ಎರಡನೆಯ ಭಾಷೆ. ಅವರಿಗೆ ಸಂಜ್ಞೆಯ ಮೂಲಕ ತಿಳಿಸುವವರೂ ಪರದೆಯ ಮೂಲೆಯಲ್ಲಿ ಬೇಕಾಗಬಹುದು. ಇನ್ನು, ಅಕ್ಷರಗಳಿಂದಲೂ ವಿವರಣೆಯಿಂದಲೂ ಉಳಿದ ಪ್ರೇಕ್ಷಕರ ರಸಭಂಗವಾಗುತ್ತದೆಂಬ ಆಕ್ಷೇಪಣೆ ಕೇಳಿಬರುತ್ತದೆ. ಬೇಡದವರಿಗೆ ಮರೆಯಾಗುವ ಕ್ಲೋಸ್ಡ್ ಕ್ಯಾಪ್ಷನ್, ಬೇಕಾದವರು ಮಾತ್ರ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ದೃಶ್ಯವಿವರಣೆ ಇವೆರಡೂ ಈ ಆಕ್ಷೇಪಣೆಗೆ ಉತ್ತರವಾಗಿವೆ.

ಇದು ದಯೆಯ ವಿಷಯವೂ ಅಲ್ಲ. ಭಾರತದಲ್ಲಿ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಿದ್ಯುನ್ಮಾನ ಮಾಧ್ಯಮಗಳಲ್ಲಿ ದೃಶ್ಯವಿವರಣೆ, ಸಂಜ್ಞಾಭಾಷೆ ಮತ್ತು ಕ್ಯಾಪ್ಷನ್‌ಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರದ ಮೇಲಿರಿಸಿತು. 2024ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಚಿತ್ರಮಂದಿರಗಳಲ್ಲಿ ತೋರಿಸುವ ಚಿತ್ರಗಳಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿದಾಗ, ಕೇಳದವರಿಗೆ ಕನಿಷ್ಠ ಒಂದು ಸೌಲಭ್ಯ, ಕಾಣದವರಿಗೆ ಕನಿಷ್ಠ ಒಂದು ಸೌಲಭ್ಯ ಎಂದು ಬೇರೆ ಬೇರೆಯಾಗಿಯೇ ಹೇಳಿತು. ಒಬ್ಬರಿಗೆ ಕೊಟ್ಟುದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವಂತಿಲ್ಲ ಎಂಬ ತತ್ತ್ವವು ಅದರಲ್ಲಿ ಅಡಗಿದೆ.

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮಳವಳ್ಳಿಯ ಗುಡಿಸಲುಗಳನ್ನು ದಾಟಿ ಮೊದಲು ಕೋಲಾರಕ್ಕೆ ಹೋಯಿತು. ಮಂಡ್ಯದ ಹಳ್ಳಿಯಲ್ಲಿ ಹುಟ್ಟಿದ ಕಥೆಯು ಇಂಗ್ಲಿಷ್ ಅಡಿಬರಹವನ್ನೇರಿ ಲೊಕಾರ್ನೊವನ್ನು ಸೇರಿತು. ದೂರಕ್ಕೆ ತಲುಪಿದುದು ತಪ್ಪಲ್ಲ. ಅದು ಹೆಮ್ಮೆಯ ಸಂಗತಿಯೇ. ಆದರೆ ವಿದ್ಯುತ್ತಿಗೆ ಹಳ್ಳಿಯ ಕಡೆಗೂ ಒಂದು ತಂತಿಯನ್ನು ಎಳೆಯಬೇಕಾಯಿತು. ಕನ್ನಡದ ಚಿತ್ರಕ್ಕೆ ಕನ್ನಡದ ಕ್ಯಾಪ್ಷನ್ ಮತ್ತು ಕನ್ನಡದ ದೃಶ್ಯವಿವರಣೆ ಅಂತಹ ತಂತಿಗಳು. ಅವು ಬರುವವರೆಗೆ, ಸೆಂಚುರಿ ಗೌಡನ ಬೈಗುಳಕ್ಕೆ ಪರದೇಶದವರು ನಗುತ್ತಿರುವಾಗ, ಅವನ ಊರಿನ ಕಿವುಡನು ಅವರು ಏಕೆ ನಗುತ್ತಿದ್ದಾರೆಂದು ಪಕ್ಕದವರನ್ನು ಸನ್ನೆಯಿಂದ ಕೇಳುತ್ತಲೇ ಇರಬೇಕಾಗುತ್ತದೆ.